ಆಫರ್ ಬೇಡ ಅಂದು ಐದು ವಾರ ಆಯ್ತು, ಈಗ ಮತ್ತೆ ಕೇಳಬಹುದಾ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಲ್ಲಿ ಟೆಸ್ಟಿಂಗ್ ಕೆಲಸದಲ್ಲಿದೀನಿ. ಈಗಿನ ಸಂಬಳ 10 ಲಕ್ಷ. ಬೇರೆ ಕಂಪನಿಯಿಂದ 14ಕ್ಕೆ ಆಫರ್ ಬಂದಿತ್ತು, ಆದ್ರೆ ನಮ್ ಮ್ಯಾನೇಜರ್ 13 ಕೊಡಿಸ್ತೀನಿ, ಪ್ರಾಜೆಕ್ಟೂ ಚೇಂಜ್ ಮಾಡ್ತೀನಿ ಅಂದ್ರು ಅಂತ ಅದನ್ನ ಬೇಡ ಅಂದೆ. ಈಗ ಲೆಟರ್ ಬಂದ್ರೆ ಫಿಕ್ಸೆಡ್ 11.5, ಉಳಿದಿದ್ದು ಒಂದು ವರ್ಷ ಆದ್ಮೇಲೆ ಬೋನಸ್ ಅಂತೆ. ಪ್ರಾಜೆಕ್ಟ್ ಸುದ್ದೀನೇ ಇಲ್ಲ. ಆ ಕಂಪನಿಯವರನ್ನ ಮತ್ತೆ ಕೇಳಿದ್ರೆ ನಗ್ತಾರಾ?

ಉತ್ತರ: ಕೇಳಿ, ನಗಲ್ಲ. ನಾನು ಎಂಟು ವರ್ಷ ರಿಕ್ರೂಟರ್ ಆಗಿದ್ದೆ, ಇಂಥ ಮೇಲ್ ಬಂದಾಗ ನಕ್ಕಿದ್ದಿಲ್ಲ. ಎಷ್ಟೋ ಸಲ ಉಸ್ಸಪ್ಪಾ ಅಂದಿದ್ದೀನಿ.

ಯಾಕೆ ಅಂದ್ರೆ, ನೀವು ಬೇಡ ಅಂದ ದಿನ ಆ ಕಡೆ ಏನಾಗುತ್ತೆ ನೋಡಿ. ಲಿಸ್ಟಲ್ಲಿ ಎರಡನೇ ಹೆಸರಿದ್ದವರಿಗೆ ಫೋನ್ ಹೋಗುತ್ತೆ, ಸಂಬಳದ ಮಾತು, ಅಪ್ರೂವಲ್ಲು, ಲೆಟರ್ರು ಅಂತ ಒಂದೆರಡು ವಾರ ಹೋಗುತ್ತೆ, ಆಮೇಲೆ ಅವರ ನೋಟಿಸ್ ಪೀರಿಯಡ್ ಶುರು, ನಮ್ ಐಟಿ ಕಂಪನಿಗಳಲ್ಲಿ ಅದು 60 ಇಲ್ಲಾ 90 ದಿನ ಇರೋದೇ ಜಾಸ್ತಿ. ಅಂದ್ರೆ ಐದನೇ ವಾರದಲ್ಲಿ ಆ ಸೀಟು ಪೇಪರ್ ಮೇಲೆ ತುಂಬಿದ್ರೂ ಕುರ್ಚಿ ಖಾಲಿಯೇ ಇರುತ್ತೆ. ಆ ವ್ಯಕ್ತಿ ನೋಟಿಸಲ್ಲಿ ಕೂತ್ಕೊಂಡು ಇನ್ನೂ ಎರಡು ಆಫರ್ ಹುಡುಕ್ತಿರಬಹುದು (ನೀವೂ ಹೀಗೇ ತಾನೆ ಕೈಕೊಟ್ಟಿದ್ದು!). ಅವರು ಬಂದು ಜಾಯಿನ್ ಆಗೋವರೆಗೂ ರಿಕ್ರೂಟರ್‌ಗೆ ನೆಮ್ಮದಿ ಇಲ್ಲ. ಇಂಟರ್ವ್ಯೂ ಎಲ್ಲಾ ಪಾಸಾಗಿರೋ ಒಬ್ಬರು ಕೈಗೆ ಸಿಕ್ಕಿದ್ರೆ ಆ ಮೇಲ್‌ನ ಅವರು ಡಿಲೀಟ್ ಮಾಡಲ್ಲ. ತಕ್ಷಣ ಬರೋರೇ ಬೇಕು ಅಂತ ಕರೆದಿದ್ದ ಕೆಲಸ ಆಗಿದ್ರೆ ಮಾತ್ರ ಈ ಲೆಕ್ಕ ನಡೆಯಲ್ಲ, ಅದು ಇಷ್ಟೊತ್ತಿಗೆ ಹೋಗಿರುತ್ತೆ.

ಮೇಲ್ ಹಾಕೋಕೆ ಮುಂಚೆ ಅವರ ಕೆರಿಯರ್ಸ್ ಪೇಜಲ್ಲಿ ನಿಮ್ಮ ಆಫರ್‌ಗೆ ಸಂಬಂಧಪಟ್ಟ ಜಾಬ್ ಐಡಿ ಇನ್ನೂ ಇದೆಯಾ ನೋಡಿ. ಇದ್ರೆ ಖುಷಿ, ಆದ್ರೆ ಪೂರ್ತಿ ನಂಬಬೇಡಿ, ಸೀಟು ತುಂಬಿದ್ರೂ ತೆಗೆಯೋಕೆ ಮರೆತಿರ್ತೀವಿ. ಅದೇ ಹೆಸರಲ್ಲಿ ಹೊಸ ಐಡಿ ಇದ್ರೆ ಅದು ಇನ್ನೂ ಒಳ್ಳೇದು, ಇನ್ನೊಂದು ಸೀಟು ಸ್ಯಾಂಕ್ಷನ್ ಆಗಿರಬಹುದು. ಅದಕ್ಕೆ ಸೀದಾ ಅಪ್ಲೈ ಮಾಡಬೇಡಿ, ಸಿಸ್ಟಂಲ್ಲಿ ನಿಮ್ಮ ಹೆಸರಿನ ಮುಂದೆ ಆಫರ್ ಡಿಕ್ಲೈನ್ಡ್ ಅಂತ ಇರುತ್ತೆ, ಗೊತ್ತಿಲ್ಲದೋರು ಅದನ್ನ ನೋಡಿ ಪಕ್ಕಕ್ಕಿಡ್ತಾರೆ. ಆಫರ್ ಕೊಟ್ಟ ರಿಕ್ರೂಟರ್‌ಗೇ, ಬೇಡ ಅಂತ ಬರೆದಿದ್ದ ಅದೇ ಮೇಲ್‌ಗೆ ರಿಪ್ಲೈ ಮಾಡಿ, ಆ ಐಡಿ ಹಾಕಿ. ಕನ್ಸಲ್ಟೆನ್ಸಿ ಮೂಲಕ ಹೋಗಿದ್ರೆ ಮೊದಲು ಅವರಿಗೇ ಹೇಳಿ, ಅವರ ಕಮಿಷನ್ ವಿಷಯ ಇರುತ್ತೆ, ಅವರನ್ನ ದಾಟಿ ಹೋದ್ರೆ ಜಗಳ ನಿಮ್ಮ ತಲೆ ಮೇಲೆ ಬರುತ್ತೆ.

ಮೇಲ್ ಇಂಗ್ಲಿಷಲ್ಲೇ ಬರೀತೀರಿ, ಸಾರಾಂಶ ಇಷ್ಟಿರ್ಲಿ: "ಹೋದ ತಿಂಗಳು ಆಫರ್ ಬೇಡ ಅಂದಿದ್ದೆ. ಈಗಿನ ಕಂಪನಿಯಲ್ಲಿ ಕೆಲಸ ಬದಲಾಗುತ್ತೆ ಅಂತ ಉಳ್ಕೊಂಡೆ, ಅದು ಆಗಿಲ್ಲ. ಆ ಸೀಟು ಅಥವಾ ಅದೇ ಟೀಮಲ್ಲಿ ಬೇರೆ ಸೀಟು ಇದ್ರೆ ಆಗ ಮಾತಾಡಿದ್ದ ಸಂಬಳಕ್ಕೇ ಬರ್ತೀನಿ. ನೋಟಿಸ್ 60 ದಿನ, ಲೆಟರ್ ಬಂದ ದಿನವೇ ರಿಸೈನ್ ಮಾಡ್ತೀನಿ." ಅಷ್ಟೇ. ಮನೇಲಿ ಪ್ರಾಬ್ಲಂ ಇತ್ತು ಅಂತೆಲ್ಲ ಕಥೆ ಕಟ್ಟಬೇಡಿ, ಕೌಂಟರ್ ಆಫರ್ ವಾಸನೆ ನಮಗೆ ದೂರದಿಂದಲೇ ಬರುತ್ತೆ. ಆ ಕಡೆಯವರಿಗಿರೋ ಭಯ ಒಂದೇ, ಇವರು ಈ ಆಫರನ್ನೂ ತೋರಿಸಿ ಅಲ್ಲಿ ಮತ್ತೆ ಜಾಸ್ತಿ ಮಾಡಿಸ್ಕೊತಾರಾ ಅಂತ. "14.5 ಆಗುತ್ತಾ" ಅಂತ ಒಂದು ಸಾಲು ಸೇರಿಸಿದ್ರೆ ಆ ಭಯ ನಿಜ ಅಂದ್ಕೊತಾರೆ.

ಒಂದು ವಾರ ಉತ್ತರ ಬರಲಿಲ್ಲ ಅಂದ್ರೆ ಒಂದೇ ಒಂದು ರಿಮೈಂಡರ್, ಆಮೇಲೂ ಸುಮ್ಮನಿದ್ರೆ ಬಿಟ್ಬಿಡಿ. "ಚೆಕ್ ಮಾಡಿ ಹೇಳ್ತೀನಿ" ಅಂದ್ರೆ ನಿಜವಾಗ್ಲೂ ಮ್ಯಾನೇಜರನ್ನ ಕೇಳೋಕೆ ಹೋಗಿದಾರೆ ಅಂತ ಇಟ್ಕೊಳ್ಳಿ, ಅವರು ನಿಮ್ಮ ಜೊತೆ ಇನ್ನೊಂದು ಕಾಲ್ ಕೇಳಬಹುದು, ಅದರಲ್ಲಿ ಟೆಕ್ನಿಕಲ್ ಪ್ರಶ್ನೆಗಿಂತ "ಈ ಸಲ ಗ್ಯಾರಂಟಿನಾ" ಅನ್ನೋದೇ ಪ್ರಶ್ನೆ.

ಹೂಂ ಅಂದ್ರೂ ಹಳೇ ಆಫರ್ ಲೆಟರ್ ಇಟ್ಕೊಂಡು ರಿಸೈನ್ ಮಾಡಬೇಡಿ, ಬೇಡ ಅಂದ ದಿನವೇ ಅದು ಮುಗೀತು, ಹೊಸ ತಾರೀಕಿನ ಹೊಸ ಲೆಟರ್ ಬರಲೇಬೇಕು. ಇನ್ನು ಈಗಿನ ಕಂಪನಿ ಕೊಟ್ಟ ಆ ಬೋನಸ್ ಕಾಗದ ತೆಗೆದು ಓದಿ. ಮೊದಲೇ ದುಡ್ಡು ಕೊಟ್ಟು, ವರ್ಷದೊಳಗೆ ಬಿಟ್ರೆ ವಾಪಸ್ ಕೊಡಬೇಕು ಅಂತ ಬರೆಸ್ಕೊಳ್ಳೋದೂ ಉಂಟು, ನಿಮ್ಮದು ವರ್ಷ ಆದ್ಮೇಲೆ ಕೊಡೋದು ಅಂತ ಹೇಳ್ತಿದೀರಿ, ಹಾಗಿದ್ರೆ ಕೈಗೇ ಬರದ ದುಡ್ಡನ್ನ ವಾಪಸ್ ಕೊಡೋ ಮಾತೇ ಇಲ್ಲ.