‘ಆಮೇಲೆ ನೋಡೋಣ’ ಅಂದರೂ ಬೇಡ ಅಂತಲೇ ಅರ್ಥ

ಫೋಟೋಗ್ರಫಿ ಕಲಿಯಲು ಬರುವವರು ನನ್ನನ್ನು ತುಂಬಾ ಸಲ ಕೇಳುವ ಪ್ರಶ್ನೆ ಇದು: ಬೀದಿಯಲ್ಲಿ ಗುರುತಿಲ್ಲದವರ ಫೋಟೋ ತೆಗೆಯಲು ಅನುಮತಿ ಕೇಳುವುದು ಹೇಗೆ? ಅವರು ಬೇಡ ಅಂದರೆ ಏನು ಮಾಡಬೇಕು ಅಂತ ಕೇಳುವವರು ಕಡಿಮೆ. ಆದರೆ ಕಲಿಯುವವರ ಜೊತೆ ಬೀದಿಯಲ್ಲಿ ನಡೆಯುವಾಗ ನಾನು ನೋಡಿದ್ದೇನೆ, ಕೇಳುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಬೇಡ ಅನ್ನಿಸಿಕೊಂಡ ಮೇಲಿನ ಅರ್ಧ ನಿಮಿಷದಲ್ಲಿ ಎಡವುತ್ತಾರೆ. ನಾನೂ ಎಡವಿದ್ದೇನೆ. ಅಂಥ ಒಂದು ಬೆಳಿಗ್ಗೆಯ ವಿಷಯ ಹೇಳುತ್ತೇನೆ.

ಫುಟ್‌ಪಾತ್ ಮೇಲೆ ಹಿರಿಯರೊಬ್ಬರು ಛತ್ರಿ ರಿಪೇರಿ ಮಾಡುತ್ತಾ ಕುಳಿತಿದ್ದರು. ಎದುರಿನ ಬಿಳಿ ಗೋಡೆಗೆ ಬಿಸಿಲು ಬಿದ್ದು, ಅದರ ಬೆಳಕು ಅವರ ಮುಖಕ್ಕೆ ಮೆತ್ತಗೆ ಬರುತ್ತಿತ್ತು. ಕಡ್ಡಿಗೆ ದಾರ ಸುತ್ತುತ್ತಿದ್ದ ಬೆರಳುಗಳು, ಮಡಿಲಲ್ಲಿ ಅರ್ಧ ಬಿಚ್ಚಿದ ಕಪ್ಪು ಬಟ್ಟೆ. ಆಸೆ ತಡೆಯಲಾಗದೆ ಮೊದಲೇ ಒಂದು ಫ್ರೇಮ್ ತೆಗೆದುಬಿಟ್ಟೆ. ಆಮೇಲೆ ಹತ್ತಿರ ಹೋಗಿ, "ಯಜಮಾನ್ರೇ, ನಿಮ್ಮದೊಂದು ಫೋಟೋ ತೆಗೆದುಕೊಳ್ಳಲಾ?" ಅಂತ ಕೇಳಿದೆ. ಅವರು ತಲೆ ಎತ್ತಿ ನಕ್ಕರು. "ಆಮೇಲೆ ನೋಡೋಣ ಬಿಡಿ, ಈಗ ಕೆಲಸ ಇದೆ" ಅಂದು ಮತ್ತೆ ಛತ್ರಿಯ ಕಡೆ ಬಗ್ಗಿದರು.

ಆ ನಗುವನ್ನು ನಾನು ಒಪ್ಪಿಗೆ ಅಂದುಕೊಂಡೆ. "ನೀವು ಕೆಲಸ ಮಾಡ್ತಾ ಇರಿ, ನಾನು ಸುಮ್ನೆ ತೆಗೀತೀನಿ" ಅಂದೆ. ಅವರು ಏನೂ ಹೇಳಲಿಲ್ಲ. ಆದರೆ ದಾರ ಸುತ್ತುತ್ತಿದ್ದ ಕೈ ನಿಂತಿತು. ಅಲ್ಲೇ ನನಗೆ ತಿಳಿಯಬೇಕಿತ್ತು.

ಮರ್ಯಾದಸ್ಥರು ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದು ಅಪರೂಪ. ಆಮೇಲೆ ಬನ್ನಿ ಅನ್ನುತ್ತಾರೆ. ನಾನೇನು ಚೆನ್ನಾಗಿ ಕಾಣ್ತೀನಿ, ಅವರದ್ದು ತೆಗೀರಿ ಅಂತ ಪಕ್ಕದವರನ್ನು ತೋರಿಸುತ್ತಾರೆ. ಯಾಕೆ, ಯಾವುದಕ್ಕೆ ಅಂತ ಕೇಳಿ ಸುಮ್ಮನಾಗುತ್ತಾರೆ. ನಗುತ್ತಲೇ ಸೆರಗನ್ನೋ ಟೋಪಿಯನ್ನೋ ಮುಖದ ಕಡೆ ಎಳೆದುಕೊಳ್ಳುತ್ತಾರೆ. ಹೂಂ ಅನ್ನುವ ಮಾತು ಬಾರದಿದ್ದರೆ, ಇಲ್ಲವೇ ತಲೆ ಸ್ಪಷ್ಟವಾಗಿ ಆಡದಿದ್ದರೆ, ನಾನು ಈಗ ಅದನ್ನು ಬೇಡ ಅಂತಲೇ ಲೆಕ್ಕ ಹಾಕುತ್ತೇನೆ. ನಗು ಲೆಕ್ಕಕ್ಕಿಲ್ಲ. ಮುಜುಗರ ಆದಾಗಲೂ ಜನ ನಗುತ್ತಾರೆ. ಬಾಯಿಗಿಂತ ಕೈ ನೋಡುವುದು ಒಳ್ಳೆಯದು. ನಿಜವಾಗಿ ಒಪ್ಪಿದವರ ಕೈ ಒಂದೋ ಕೆಲಸಕ್ಕೆ ಮರಳುತ್ತದೆ, ಇಲ್ಲವೇ ಕೂದಲು, ಕಾಲರ್ ಸರಿಮಾಡಿಕೊಳ್ಳುತ್ತದೆ. ಇಷ್ಟವಿಲ್ಲದವರ ಕೈ ಇದ್ದಲ್ಲೇ ನಿಲ್ಲುತ್ತದೆ.

ಅವತ್ತು ನಾನು ಕೇಳಿದ ರೀತಿಯೂ ಸರಿ ಇರಲಿಲ್ಲ. ಕುಳಿತವರ ಎದುರು ನಿಂತಿದ್ದೆ, ಕ್ಯಾಮೆರಾ ಎದೆಯ ಮಟ್ಟದಲ್ಲಿತ್ತು, ಲೆನ್ಸ್ ಅವರ ಕಡೆಗೇ ಇತ್ತು. ಹಾಗೆ ನಿಂತು ಕೇಳಿದರೆ ಎದುರಿನವರಿಗೆ ಬೇಡ ಅನ್ನುವುದೇ ಕಷ್ಟ. ಈಗ ನಾನು ಅಪರ್ಚರ್, ಶಟರ್ ವೇಗ ಎಲ್ಲವನ್ನೂ ದೂರದಲ್ಲೇ ಹೊಂದಿಸಿಕೊಂಡು ಹೋಗುತ್ತೇನೆ. ಅಂಥ ಬೆಳಕಿನಲ್ಲಿ ಎಫ್ 4, ಸೆಕೆಂಡಿನ 1/250, ಐಎಸ್ಒ ಆಟೋ ಇದ್ದರೆ ಸಾಕು. ಒಪ್ಪಿದವರನ್ನು ಕಾಯಿಸಿ ಬಟನ್ ತಿರುಗಿಸುತ್ತಾ ನಿಂತರೆ ಅವರ ಮುಖ ಬಿಗಿಯುತ್ತದೆ. ನಂತರ ಕ್ಯಾಮೆರಾವನ್ನು ಸೊಂಟದ ಪಕ್ಕಕ್ಕೆ ಇಳಿಸಿ, ಲೆನ್ಸನ್ನು ನೆಲಕ್ಕೆ ತಿರುಗಿಸಿ, ಎದುರಿನಿಂದಲ್ಲದೆ ಸ್ವಲ್ಪ ಓರೆಯಾಗಿ ಹತ್ತಿರ ಹೋಗುತ್ತೇನೆ. ಹಿಂದಿನಿಂದ ಹೋಗುವುದಿಲ್ಲ, ಬೆಚ್ಚಿಬೀಳುತ್ತಾರೆ. ಎರಡು ಮೀಟರ್ ದೂರದಲ್ಲಿ ನಿಲ್ಲುತ್ತೇನೆ. ಕುಳಿತವರಾದರೆ ನಾನೂ ಕುಕ್ಕರುಗಾಲಲ್ಲಿ ಕೂರುತ್ತೇನೆ.

ಮಾತಿನಲ್ಲಿ ಮೂರು ವಿಷಯ ಬರಬೇಕು: ಏನು ತೆಗೆಯುತ್ತೇನೆ, ಎಷ್ಟು ಹೊತ್ತು, ಎಲ್ಲಿಗೆ ಹೋಗುತ್ತದೆ. "ಯಜಮಾನ್ರೇ, ನಾನು ಫೋಟೋಗ್ರಾಫರ್. ನೀವು ಛತ್ರಿ ಕಟ್ಟೋದರ ಒಂದೆರಡು ಫೋಟೋ ತೆಗೆಯಬೇಕು ಅಂತ ಆಸೆ. ಒಂದು ನಿಮಿಷ ಸಾಕು. ನನ್ನ ಪ್ರದರ್ಶನದಲ್ಲಿ ಇಡಬಹುದು. ಬೇಡ ಅಂದರೆ ಖಂಡಿತ ಬೇಜಾರಿಲ್ಲ." ಕೊನೆಯ ವಾಕ್ಯ ಮುಖ್ಯ. ಬೇಡ ಅನ್ನಲು ದಾರಿ ಬಿಟ್ಟಾಗ ಸಿಗುವ ಹೂಂ ಗಟ್ಟಿಯಾಗಿರುತ್ತದೆ. ಮಕ್ಕಳಾದರೆ ಈ ಮಾತನ್ನು ಮೊದಲು ಜೊತೆಗಿರುವ ದೊಡ್ಡವರಿಗೆ ಹೇಳಬೇಕು. ದೊಡ್ಡವರು ಇಲ್ಲದಿದ್ದರೆ ಅಲ್ಲಿ ಫೋಟೋ ಇಲ್ಲ.

ಕೇಳಿದರೆ ಸಹಜತೆ ಹೋಗುತ್ತದಲ್ವಾ ಅಂತ ಅನ್ನುವವರಿದ್ದಾರೆ. ಮೊದಲ ಎರಡು ಮೂರು ಫ್ರೇಮಿಗೆ ಹೋಗುತ್ತದೆ, ಅದು ನಿಜ. ಕೆಲಸ ಮಾಡುವವರು ಎಷ್ಟು ಹೊತ್ತು ಕ್ಯಾಮೆರಾ ನೋಡುತ್ತಾ ಕೂತಾರು? ಆ ಬಿಗಿ ಫ್ರೇಮುಗಳನ್ನು ತೆಗೆದು, ಕ್ಯಾಮೆರಾ ಇಳಿಸಿ, ಎರಡು ಮಾತಾಡಿ. ಕೈ ಮತ್ತೆ ಕೆಲಸಕ್ಕೆ ಹೋಗುತ್ತದೆ. ನನಗೆ ಬೇಕಾದ ಚಿತ್ರ ಸಾಮಾನ್ಯವಾಗಿ ಅದಾದ ಮೇಲೇ ಸಿಕ್ಕಿದೆ. ಎಲ್ಲ ಫೋಟೋಗೂ ನಾನು ಕೇಳುತ್ತೇನೆ ಅಂತಲ್ಲ. ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ಆ ವ್ಯಕ್ತಿಯನ್ನು ತೆಗೆದುಹಾಕಿದರೂ ಚಿತ್ರ ಉಳಿಯುತ್ತದಾ? ಉಳಿದರೆ ಅದು ಬೀದಿಯ ಚಿತ್ರ. ಉಳಿಯದಿದ್ದರೆ ಅದು ಆ ವ್ಯಕ್ತಿಯ ಚಿತ್ರ, ಕೇಳಲೇಬೇಕು. ಜರ್ಮನಿಯ 1907ರ ಕಾನೂನೂ ಹೀಗೇ ಯೋಚಿಸುತ್ತದೆ. ಒಬ್ಬರ ಚಿತ್ರವನ್ನು ಹಂಚಲು, ಪ್ರದರ್ಶಿಸಲು ಅವರ ಒಪ್ಪಿಗೆ ಬೇಕು ಅನ್ನುತ್ತದೆ. ಯಾವುದೋ ಜಾಗದ ಚಿತ್ರದಲ್ಲಿ ಜನ ಬರೀ ಪಕ್ಕದ ಭಾಗವಾಗಿ ಬಂದಿದ್ದರೆ ಅದಕ್ಕೆ ವಿನಾಯಿತಿ ಕೊಡುತ್ತದೆ.

ಛತ್ರಿಯವರ ವಿಷಯಕ್ಕೆ ಬರೋಣ. ಕೈ ನಿಂತದ್ದನ್ನು ಕೊನೆಗೂ ನೋಡಿ, "ಕ್ಷಮಿಸಿ ಯಜಮಾನ್ರೇ, ಬೇಡ ಬಿಡಿ" ಅಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಾನು "ಮುಖ ಬೇಡ, ಕೈ ಮಾತ್ರ?" ಅಂತ ಸೇರಿಸಿದೆ. ಇದು ಚೌಕಾಸಿ. ಒಂದು ಸಲ ಬೇಡ ಅನ್ನಲು ಅವರು ಪಟ್ಟ ಕಷ್ಟವನ್ನು ಮತ್ತೊಮ್ಮೆ ಪಡಿ ಅಂದ ಹಾಗೆ. ಅವರಾಗಿಯೇ "ಬೇಕಾದರೆ ಕೈ ತೆಗೀರಿ" ಅಂದರೆ ಅದು ಬೇರೆ ಮಾತು. ಯಾಕೆ ಬೇಡ ಅಂತಲೂ ಕೇಳಬಾರದು. ಕಾರಣ ಏನೂ ಇರಬಹುದು. ಯಾರ ಕಣ್ಣಿಗೂ ಬೀಳದೆ ಇರಬೇಕಾದ ಪರಿಸ್ಥಿತಿಯಲ್ಲಿ ಬದುಕುವವರಿದ್ದಾರೆ, ಅದನ್ನು ದಾರಿಹೋಕನಿಗೆ ವಿವರಿಸಲು ಆಗುತ್ತದಾ?

ಈಗ ನಾನು ಆಡುವ ಮಾತು ಇಷ್ಟೇ: "ಸರಿ, ಪರವಾಗಿಲ್ಲ. ಕೆಲಸ ಮಧ್ಯೆ ನಿಲ್ಲಿಸಿದೆ, ಮಾತಾಡಿದ್ದಕ್ಕೆ ಥ್ಯಾಂಕ್ಸ್." ಹೇಳುತ್ತಲೇ ಲೆನ್ಸಿಗೆ ಮುಚ್ಚಳ ಹಾಕುತ್ತೇನೆ. ಅದು ಅವರಿಗೆ ಕಾಣುವ ಹಾಗೆ ಹಾಕಬೇಕು. ತಕ್ಷಣ ಬೆನ್ನು ತಿರುಗಿಸಿದರೆ ಸಿಟ್ಟಾದೆ ಅಂದುಕೊಳ್ಳುತ್ತಾರೆ. ಅಲ್ಲೇ ಸುಳಿದಾಡಿದರೆ ಇನ್ನೂ ಕಾಯುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಒಂದು ಉಸಿರು ನಿಂತು, ನಮಸ್ಕಾರ ಹೇಳಿ, ನಾನು ಬಂದ ದಿಕ್ಕಿಗಲ್ಲದೆ ಅವರು ನನ್ನನ್ನು ನೋಡಬಹುದಾದ ದಿಕ್ಕಿಗೆ ನಡೆಯುತ್ತೇನೆ. ಹಿಂದಿನಿಂದ ತೆಗೆಯುತ್ತಿದ್ದಾನಾ ಅನ್ನುವ ಅನುಮಾನ ಅವರಿಗೆ ಉಳಿಯಬಾರದು. ಅವರ ಕಣ್ಣಿಗೆ ಕಾಣುವಷ್ಟು ದೂರದವರೆಗೆ ಬೇರೆ ಯಾರ ಫೋಟೋವನ್ನೂ ತೆಗೆಯುವುದಿಲ್ಲ. ರಸ್ತೆ ದಾಟಿ, ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಲೆನ್ಸ್ ಹಾಕಿ, ಬೇಡ ಅಂದವರದ್ದೇ ಫೋಟೋ ತೆಗೆಯುವವರನ್ನು ನೋಡಿದ್ದೇನೆ. ಅದಕ್ಕಿಂತ ಕೇಳದೆ ತೆಗೆದಿದ್ದರೇ ವಾಸಿ. ಬೇಡ ಅಂದದ್ದು ಗೊತ್ತಿದ್ದೂ ತೆಗೆದ ಹಾಗಾಯಿತು.

ಅವತ್ತು ನಾನು ಕೈ ಮಾತ್ರ ಅಂತ ಚೌಕಾಸಿ ಮಾಡಿದಾಗ ಆ ಹಿರಿಯರು ಮೆಲ್ಲಗೆ ಕೇಳಿದರು: "ಮೊದಲೇ ಒಂದು ತೆಗೆದ್ರಲ್ಲ, ಅದು?" ಅವರು ನೋಡಿದ್ದರು. ನನ್ನ ಮುಖ ಬಿಸಿಯಾಯಿತು. ಅಳಿಸುತ್ತೇನೆ ಅಂದು, ಅವರ ಪಕ್ಕ ಕುಳಿತು, ಸ್ಕ್ರೀನ್ ತೋರಿಸಿ ಅಳಿಸಿದೆ. ಅವರು ತಲೆಯಾಡಿಸಿದರು.

ಮನೆಗೆ ಬಂದು ನೋಡಿದರೆ ಫೋಟೋ ಇತ್ತು. ನನ್ನ ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್. ಒಂದು ಹಾಳಾದರೆ ಇನ್ನೊಂದು ಇರಲಿ ಅಂತ ಎರಡರಲ್ಲೂ ಬರೆಯುವ ಹಾಗೆ ಇಟ್ಟಿದ್ದೆ. ನಾನು ಅಳಿಸಿದ್ದು ಒಂದರಿಂದ ಮಾತ್ರ. ಚಿತ್ರ ಬಹಳ ಚೆನ್ನಾಗಿತ್ತು. ಸ್ವಲ್ಪ ಹೊತ್ತು ನೋಡಿದೆ, ಆಮೇಲೆ ಅಳಿಸಿದೆ.

ಇದನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿದ್ದು ಆಗ. ಅಳಿಸು ಬಟನ್ ಒತ್ತಿದ ಮಾತ್ರಕ್ಕೆ ಮಾತು ಉಳಿಸಿಕೊಂಡ ಹಾಗಾಗುವುದಿಲ್ಲ. ಎರಡು ಕಾರ್ಡ್ ಇದ್ದರೆ ಎರಡನ್ನೂ ತೆರೆದು ನೋಡಿ. ಒಂದೇ ಚಿತ್ರದ ರಾ ಫೈಲ್ ಒಂದು ಕಾರ್ಡಿಗೆ, ಜೆಪೆಗ್ ಫೈಲ್ ಇನ್ನೊಂದಕ್ಕೆ ಹೋಗುವ ಹಾಗೆ ಇಟ್ಟವರಿಗೂ ಇದೇ ತೊಂದರೆ. ಫೋಟೋಗಳು ತಾವಾಗಿಯೇ ಫೋನಿಗೆ ಹೋಗುವಂತೆ ಮಾಡಿದ್ದರೆ ಅಲ್ಲಿಯೂ ಒಂದು ಪ್ರತಿ ಕೂತಿರುತ್ತದೆ. ಫೋನಿನಲ್ಲೇ ತೆಗೆದದ್ದಾದರೆ, ಅಳಿಸಿದ ಚಿತ್ರ ಸಾಮಾನ್ಯವಾಗಿ 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ. ಅದನ್ನೂ ಅವರೆದುರೇ ಖಾಲಿ ಮಾಡಬೇಕು, ಕ್ಲೌಡ್‌ಗೆ ಹೋಗಿದೆಯಾ ನೋಡಬೇಕು. ಕಾರ್ಡಿನಿಂದ ಅಳಿಸಿದ್ದನ್ನೂ ಅದರ ಮೇಲೆ ಹೊಸ ಫೈಲ್ ಬರೆಯುವವರೆಗೆ ರಿಕವರಿ ಸಾಫ್ಟ್‌ವೇರ್ ವಾಪಸ್ ತರಬಹುದು. ಅಂಥ ಆಸೆ ಬಂದರೆ ಅದನ್ನು ಅಲ್ಲೇ ಬಿಡಬೇಕು.

ತೋರಿಸುವುದಕ್ಕೂ ಒಂದು ಕ್ರಮ ಇದೆ. ಅಳಿಸುವ ಮುಂಚೆ ಚಿತ್ರ ತೋರಿಸಿ. ಒಮ್ಮೊಮ್ಮೆ ನೋಡಿದ ಮೇಲೆ "ಇರಲಿ ಬಿಡಿ" ಅನ್ನುತ್ತಾರೆ, ಆದರೆ ಹಾಗನ್ನಲಿ ಅಂತ ಕಾಯುತ್ತಾ ಕೂರಬೇಡಿ. ಅವರಿಗೆ ಇಷ್ಟವಿದ್ದರೆ ಬಟನ್ ಅವರೇ ಒತ್ತಲಿ. ಆಮೇಲೆ ಹಿಂದಿನ ಮತ್ತು ಮುಂದಿನ ಫ್ರೇಮ್ ಎರಡನ್ನೂ ತೋರಿಸಿ, ಅವರದ್ದು ಇನ್ನೊಂದು ಉಳಿದಿಲ್ಲ ಅಂತ ಕಣ್ಣಾರೆ ಗೊತ್ತಾಗಲಿ.

ತೆಗೆಯಲು ಕೊಟ್ಟ ಒಪ್ಪಿಗೆ ಪ್ರಕಟಿಸಲು ಕೊಟ್ಟ ಒಪ್ಪಿಗೆ ಆಗುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಕಟ್ಟಡವೊಂದರ ಮೆಟ್ಟಿಲ ಮೇಲೆ ಕುಳಿತಿದ್ದ 17 ವರ್ಷದ ಹುಡುಗಿಯ ಫೋಟೋವನ್ನು ಕಲಾ ಪತ್ರಿಕೆಯೊಂದು ಆಕೆಯನ್ನು ಕೇಳದೆ ಅಚ್ಚು ಮಾಡಿತು. ಚಿತ್ರದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆಕೆಯ ಪರ ತೀರ್ಪು ಕೊಟ್ಟು 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ನಿಮ್ಮಲ್ಲಿ ಏನಿದೆ ಅಂತ ತಿಳಿದುಕೊಳ್ಳಿ. ನಾನು ಮಾಡುವುದು ಇಷ್ಟು: ಹೂಂ ಅಂದವರಿಗೆ ನನ್ನ ಹೆಸರು, ನಂಬರ್ ಇರುವ ಕಾರ್ಡ್ ಕೊಡುತ್ತೇನೆ, ಮನಸ್ಸು ಬದಲಾದರೆ ಫೋನ್ ಮಾಡಿ ಅನ್ನುತ್ತೇನೆ. ಜಾಹೀರಾತಿಗೆ ಬಳಸುವುದಿದ್ದರೆ ಸಹಿ ಮಾಡಿದ ಕಾಗದ ಬೇಕೇ ಬೇಕು.

ಒಮ್ಮೆ ಹಾಗೆ ಫೋನ್ ಬಂತು. ಪ್ರದರ್ಶನಕ್ಕೆ ನಾಲ್ಕು ದಿನ ಇತ್ತು, ಚಿತ್ರಕ್ಕೆ ಫ್ರೇಮ್ ಕೂಡ ಹಾಕಿಸಿಯಾಗಿತ್ತು. "ಸರ್, ನನ್ನದು ಬೇಡ ಅನ್ನಿಸ್ತಿದೆ, ತಪ್ಪು ತಿಳೀಬೇಡಿ" ಅಂದರು ಆ ಹೆಣ್ಣುಮಗಳು. ಫೋನ್ ಮಾಡುವ ಮುಂಚೆ ಎಷ್ಟು ಹಿಂಜರಿದಿರಬೇಕು ಅನ್ನುವುದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. "ಆಯ್ತಮ್ಮ, ಇವತ್ತೇ ಪ್ರದರ್ಶನದಿಂದ ತೆಗೆದುಬಿಡ್ತೀನಿ. ಫೋನ್ ಮಾಡಿದ್ದು ಒಳ್ಳೆಯದಾಯ್ತು" ಅಂದೆ. ಆ ಪ್ರಿಂಟನ್ನು ಅವರಿಗೇ ತಲುಪಿಸಿದೆ. ಗೋಡೆಯಲ್ಲಿ ಖಾಲಿಯಾದ ಜಾಗ ಮುಚ್ಚಲು ಉಳಿದ ಚಿತ್ರಗಳನ್ನು ಸ್ವಲ್ಪ ದೂರ ದೂರ ತೂಗುಹಾಕಿದೆ.