ಹತ್ತು ನಿಮಿಷದ ಸಾಲ

ನಮ್ಮ ಅತ್ತಿಗೆ ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಏಳು ಗಂಟೆಗೆ ಸರಿಯಾಗಿ ಅವರ ಫೋನ್ ಕೂಗಿತು. ಪರದೆ ಮೇಲೆ ‘ಎಫ್‌ಎ ಪೇಪರ್ ತಿದ್ದಬೇಕು’ ಅಂತ ಇತ್ತು. ಎಫ್‌ಎ ಅಂದರೆ ಶಾಲೆಯ ಕಿರುಪರೀಕ್ಷೆ. ನಲವತ್ತೆರಡು ಪೇಪರುಗಳ ಬಂಡಲ್ ಟಿವಿ ಪಕ್ಕದ ಸ್ಟೂಲಿನ ಮೇಲೆ ದಾರ ಕಟ್ಟಿಸಿಕೊಂಡು ಕೂತಿತ್ತು. ಅತ್ತಿಗೆ ಕಾಯಿ ಸುಲಿಯುತ್ತಿದ್ದರು. ಸೊಗಡು ಹತ್ತಿದ ಬೆರಳನ್ನು ಬಿಟ್ಟು, ಕಿರುಬೆರಳಲ್ಲಿ ಸ್ನೂಜ್ ಒತ್ತಿದರು.

ಹತ್ತು ನಿಮಿಷ ಬಿಟ್ಟು ಮತ್ತೆ ಕೂಗಿತು, ಮತ್ತೆ ಒತ್ತಿದರು. ಏಳೂ ಇಪ್ಪತ್ತರ ಹೊತ್ತಿಗೆ ಕಾಯಿ ಮುಗಿದಿತ್ತು, ಕೈ ತೊಳೆದಾಗಿತ್ತು. ಆದರೂ ಒತ್ತಿದರು. ಎಂಟೂವರೆಗೆ ನಾನು ಲೆಕ್ಕ ಹಾಕಿದರೆ ಹತ್ತು ಸಲ ಆಗಿತ್ತು.

“ಅತ್ತಿಗೆ, ಅದನ್ನ ಆಫ್ ಮಾಡಿಬಿಡಿ, ಪಾಪ ಅದಕ್ಕೂ ಗಂಟಲು ನೋಯುತ್ತೆ” ಅಂದೆ.

“ಅಯ್ಯೋ, ಆಫ್ ಮಾಡಿದ್ರೆ ಮರೆತುಹೋಗುತ್ತೆ ಕಣಪ್ಪ” ಅಂದರು.

ಮರೆಯುವುದಕ್ಕೆ ಸಾಧ್ಯವೇ ಇರಲಿಲ್ಲ. ಬಂಡಲ್ ಕಣ್ಣೆದುರೇ ಇತ್ತು. ಕೆಲಸ ನೆನಪಿದ್ದೂ ಅದು ಶುರುವಾಗದೇ ಇದ್ದದ್ದೇ ತೊಂದರೆ. ಇದರಲ್ಲಿ ಆ ‘ಹತ್ತು ನಿಮಿಷ’ದ ಪಾತ್ರ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಸ್ನೂಜ್ ಹುಟ್ಟಿದ್ದು ನಿದ್ದೆಯವರಿಗಾಗಿ. 1956ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಸ್ನೂಜ್ ಗಡಿಯಾರ ಒಂಬತ್ತು ನಿಮಿಷ ಸುಮ್ಮನಿರುತ್ತಿತ್ತು. ಐಫೋನಿನಲ್ಲೂ ಬಹಳ ವರ್ಷ ಅದೇ ಒಂಬತ್ತು ನಿಮಿಷ ಇತ್ತು. ನಿದ್ದೆಯ ವಿಷಯದಲ್ಲಿ ಇದಕ್ಕೆ ಒಂದು ಅರ್ಥ ಇದೆ. ಎಚ್ಚರವಾದ ಮೇಲೆ ಹೊತ್ತು ಕಳೆದಂತೆ ಮಂಪರು ತಾನಾಗಿ ಇಳಿಯುತ್ತದೆ. ಪೇಪರ್ ಬಂಡಲ್‌ಗೆ ಆ ಗುಣ ಇಲ್ಲ. ಏಳು ಗಂಟೆಗೆ ನಲವತ್ತೆರಡಿದ್ದದ್ದು ಏಳೂ ಹತ್ತಕ್ಕೂ ನಲವತ್ತೆರಡೇ.

ಮುಂದೂಡುವ ಈ ಚಾಳಿಯನ್ನು ಚೆನ್ನಾಗಿ ಬಿಡಿಸಿ ತೋರಿಸಿದವರು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್. ಕಥೆ ನಡೆದದ್ದು ಭಾರತದಲ್ಲೇ. ಅವರು ಇಲ್ಲಿ ಒಂದು ವರ್ಷ ಇದ್ದಾಗ ಗೆಳೆಯ ಜೋಸೆಫ್ ಸ್ಟಿಗ್ಲಿಟ್ಸ್ ಬಂದು ಹೋದರು. ಹೋಗುವಾಗ ಲಗೇಜು ಹೆಚ್ಚಾಗಿ ಒಂದು ಪೆಟ್ಟಿಗೆ ಬಟ್ಟೆ ಉಳಿಯಿತು. ಅದನ್ನು ಅಮೆರಿಕಕ್ಕೆ ಕಳಿಸುವುದು ಒಂದು ದಿನದ ಕೆಲಸ ಅಂತ ಅಕೆರ್ಲಾಫ್ ಅಂದಾಜು ಮಾಡಿದರು. ಎಂಟು ತಿಂಗಳಿಗೂ ಹೆಚ್ಚು ಕಾಲ, ದಿನಾ ಬೆಳಿಗ್ಗೆ ಎದ್ದು ‘ನಾಳೆ ಕಳಿಸೋಣ’ ಅಂದುಕೊಂಡರು. ಇದನ್ನು ಅವರೇ 1991ರಲ್ಲಿ ಬರೆದಿದ್ದಾರೆ. ಹತ್ತು ವರ್ಷದ ನಂತರ ಪೆಟ್ಟಿಗೆ ಬಿಟ್ಟುಹೋದವರು, ಅದನ್ನು ಕಳಿಸದವರು ಇಬ್ಬರಿಗೂ ಒಟ್ಟಿಗೇ ನೊಬೆಲ್ ಬಂತು ಅನ್ನೋದು ಬೇರೆ ಮಾತು.

ಅವರ ವಿವರಣೆಯನ್ನು ಅತ್ತಿಗೆಯ ಬಂಡಲ್‌ಗೆ ಹೊಂದಿಸಿ ನೋಡೋಣ. ಅಂಕಿಗಳು ನನ್ನವು, ಸುಮ್ನೆ ಲೆಕ್ಕಕ್ಕೆ. ಈಗಲೇ ಪೆನ್ನು ಹಿಡಿದು ಕೂರುವ ಕಷ್ಟ 20 ಅನ್ನಿ. ಅದೇ ಕಷ್ಟ ‘ಆಮೇಲೆ’ ಅಂದಾಗ ನಮಗೆ ಅರ್ಧದಷ್ಟೇ ಕಾಣುತ್ತದೆ, 10. ಹತ್ತು ನಿಮಿಷ ತಡ ಮಾಡಿದರೆ ಆಗುವ ನಷ್ಟ 1. ಈಗ ಮಾಡಿದರೆ 20, ಮುಂದೂಡಿದರೆ 11. ಯಾರಾದರೂ ಮುಂದೂಡುತ್ತಾರೆ. ಏಳೂ ಹತ್ತಕ್ಕೆ ಮತ್ತೆ ಅದೇ ಲೆಕ್ಕ: 20, 11. ಏಳೂ ಇಪ್ಪತ್ತಕ್ಕೂ ಅದೇ. ಹತ್ತು ಸಲ ಸೇರಿ ನಷ್ಟ ಹತ್ತಾಯಿತು, ಸಂಜೆಯೂ ಹೋಯಿತು. ಆದರೆ ಆ ಹತ್ತು ಯಾವ ಹೊತ್ತಿನಲ್ಲೂ ಒಟ್ಟಿಗೆ ಕಣ್ಣಿಗೆ ಬೀಳಲೇ ಇಲ್ಲ. ಕಿರಾಣಿ ಅಂಗಡಿಯ ಸಾಲದ ಪುಸ್ತಕದ ಹಾಗೆ, ಒಂದೊಂದು ಸಾಲಿನಲ್ಲೂ ಚಿಲ್ಲರೆಯೇ.

ಈಗ ಸ್ನೂಜ್ ಹತ್ತು ನಿಮಿಷದ್ದಲ್ಲ, ಇಡೀ ದಿನದ್ದು ಅಂದುಕೊಳ್ಳಿ. ಇವತ್ತು ಬಿಟ್ಟರೆ ನಾಳೆ ಸಂಜೆ ಏಳಕ್ಕೇ ಮತ್ತೆ ಕೂಗೋದು. ನಾಳೆ ಕ್ಲಾಸಿನಲ್ಲಿ ಮಕ್ಕಳು ‘ಮೇಡಂ, ಪೇಪರ್?’ ಅನ್ನುತ್ತಾರೆ, ಅಂಕ ಅಪ್‌ಲೋಡ್ ಮಾಡುವುದು ತಡವಾಗುತ್ತದೆ. ಆ ನಷ್ಟ 12 ಅನ್ನಿ. ಮುಂದೂಡಿದರೆ 10 ಮತ್ತು 12, ಒಟ್ಟು 22. ಈಗ ಮಾಡಿದರೆ 20. ತಕ್ಕಡಿ ಈ ಕಡೆ ವಾಲಿತು. ಕೆಲಸ ಅದೇ, ಅತ್ತಿಗೆಯೂ ಅವರೇ. ಬದಲಾದದ್ದು ಮುಂದೂಡುವ ತುಂಡಿನ ಅಳತೆ ಮಾತ್ರ.

ವಿಚಿತ್ರ ಅಂದರೆ, ಖುಷಿಯ ಕೆಲಸಗಳಲ್ಲೂ ನಾವು ಹೀಗೇ. ಸಂಶೋಧಕರಾದ ಸುಜೇನ್ ಶು ಮತ್ತು ಅಯೆಲೆಟ್ ನೀಝಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇಕರಿ ತಿಂಡಿಯ ಗಿಫ್ಟ್ ಕೂಪನ್ ಹಂಚಿದ್ದರು. ಕೆಲವರಿಗೆ ಮೂರು ವಾರದ ಗಡುವು, ಕೆಲವರಿಗೆ ಎರಡು ತಿಂಗಳದು. ಎರಡು ತಿಂಗಳು ಸಿಕ್ಕವರೇ ಜಾಸ್ತಿ ಬಳಸುತ್ತಾರೆ ಅಂತ ಜನ ಊಹಿಸಿದ್ದರು. ಆದದ್ದು ಉಲ್ಟಾ: ಮೂರು ವಾರದವರಲ್ಲಿ ಶೇ. 31, ಎರಡು ತಿಂಗಳಿನವರಲ್ಲಿ ಶೇ. 6 ಮಾತ್ರ. ‘ಆಮೇಲೆ’ಗೆ ಜಾಗ ಇರುವವರೆಗೂ ಇವತ್ತು ವಿಶೇಷ ದಿನ ಆಗುವುದಿಲ್ಲ.

ಸ್ನೂಜಿಗೆ ಮಿತಿ ಹಾಕುವುದು ಕೆಲಸಕ್ಕೆ ಬರುವುದೂ ಇದೇ ಕಾರಣಕ್ಕೆ. ಕೆಲವು ಫೋನುಗಳಲ್ಲಿ ಅಲಾರಾಂ ಮೂರು ಸಲ, ಐದು ಸಲ ಅಥವಾ ಕೊನೆಯೇ ಇಲ್ಲದೆ ಅಂತ ಆರಿಸಿಕೊಳ್ಳಬಹುದು. ಕೊನೆಯಿಲ್ಲದ್ದನ್ನು ಆರಿಸಿದರೆ ಪ್ರತಿ ಸಲದ ಪ್ರಶ್ನೆ ‘ಈಗಲೋ, ಹತ್ತು ನಿಮಿಷ ಬಿಟ್ಟೋ?’ ಮಿತಿ ಇದ್ದರೆ ಕೊನೆಯ ಸಲದ ಪ್ರಶ್ನೆ ‘ಈಗಲೋ, ಇವತ್ತು ಇಲ್ಲವೋ?’

ಆದರೆ ಇಲ್ಲೊಂದು ತೂತಿದೆ. ಮಿತಿ ಮುಗಿದ ಮೇಲೆ ಬಹಳಷ್ಟು ಫೋನುಗಳು ಮಾಡುವುದು ಏನು? ಬಾಯಿ ಮುಚ್ಚಿಕೊಳ್ಳುತ್ತವೆ. ಸದ್ದು ನಿಲ್ಲಲಿ ಅಂತಲೇ ಒತ್ತುತ್ತಿದ್ದವರಿಗೆ ಅದು ಶಿಕ್ಷೆಯಲ್ಲ, ಬಹುಮಾನ. ಪ್ರತಿ ಸಲ ಒತ್ತಿದಾಗಲೂ ಕಿರಿಕಿರಿ ತಟ್ಟನೆ ನಿಲ್ಲುತ್ತದಲ್ಲ, ಬೆರಳು ಕಲಿಯುವುದು ಅದನ್ನೇ. ನಾಲ್ಕಾರು ದಿನಕ್ಕೆ ಪರದೆ ಓದದೆಯೇ ಒತ್ತುವ ಅಭ್ಯಾಸ ಬರುತ್ತದೆ. ಯಾವ ಕೆಲಸಕ್ಕೆ ಕೂಗಿತು ಅಂತ ಒತ್ತಿದ ಮೇಲೆ ನೆನಪು ಮಾಡಿಕೊಳ್ಳಬೇಕಾಗಿ ಬಂದರೆ ಆ ರಿಮೈಂಡರ್ ಸತ್ತಿದೆ ಅಂತಲೇ ಲೆಕ್ಕ. ಹಾಗಾಗಿ ಮಿತಿ ಮುಟ್ಟಿದಾಗ ಮೌನ ಬರಬಾರದು, ಒಂದು ತೀರ್ಮಾನ ಬರಬೇಕು: ಈಗ ಶುರು, ಇಲ್ಲವೇ ಇಂಥ ದಿನ ಇಂಥ ಜಾಗದಲ್ಲಿ ಅಂತ ಹೊಸದಾಗಿ ಬರೆಯುವುದು, ಇಲ್ಲವೇ ಅಳಿಸುವುದು. ಮೂರನೆಯದಕ್ಕೆ ನಾಚಿಕೆ ಬೇಡ. ಎಷ್ಟೋ ರಿಮೈಂಡರ್‌ಗಳು ನಾವು ಎಂದೂ ಮಾಡದ ಕೆಲಸಗಳೇ.

ಚಿಕ್ಕ ಸ್ನೂಜ್ ಪೂರ್ತಿ ಕೆಟ್ಟದ್ದು ಅಂತಲ್ಲ. ಅತ್ತಿಗೆ ಒತ್ತಿದ ಮೊದಲ ಎರಡು ಸಲ ಅವರ ಕೈ ನಿಜಕ್ಕೂ ಖಾಲಿ ಇರಲಿಲ್ಲ. ಅದಕ್ಕೆ ಹತ್ತು ನಿಮಿಷ ಸರಿಯಾದ ಅಳತೆಯೇ. ಅಡ್ಡಿ ಮುಗಿಯುವ ಹೊತ್ತಿಗೆ ಮತ್ತೆ ಕೂಗುತ್ತದೆ. ಉಳಿದ ಎಂಟು ಸಲ ಕೈ ಖಾಲಿ ಇತ್ತು, ಮನಸ್ಸಿರಲಿಲ್ಲ. ಮನಸ್ಸಿಲ್ಲದ್ದಕ್ಕೆ ಹತ್ತು ನಿಮಿಷ ಯಾವತ್ತೂ ಸಾಲುವುದಿಲ್ಲ. ಇನ್ನೊಂದು ಕಡೆ, ದೊಡ್ಡ ಸ್ನೂಜಿಗೂ ಅದರದೇ ಅಪಾಯ ಇದೆ. ನಾಳೆ ಕೇಳುವವರೇ ಇಲ್ಲದ ಕೆಲಸ ಆದರೆ ಮೇಲಿನ ಲೆಕ್ಕದ 12 ಸೊನ್ನೆ ಆಗಿಬಿಡುತ್ತದೆ, ಒಂದು ದಿನ ಮುಂದೂಡಿದ್ದು ಒಂದು ತಿಂಗಳಾಗುತ್ತದೆ. ಸ್ಟಿಗ್ಲಿಟ್ಸ್ ಪೆಟ್ಟಿಗೆಗೆ ಆದದ್ದು ಅದೇ.

ಅವತ್ತು ಊಟ ಆದ ಮೇಲೆ ಅತ್ತಿಗೆ ಫೋನ್ ಕೊಟ್ಟು “ಆಫ್ ಮಾಡಿ ಅಂದ್ಯಲ್ಲ, ನೀನೇ ಏನಾದ್ರೂ ಮಾಡು” ಅಂದರು. ಸ್ನೂಜ್ ಹತ್ತು ನಿಮಿಷವೇ ಇರಲಿ, ಎರಡೇ ಸಲ ಅಂತ ಒಪ್ಪಿಕೊಂಡೆವು. ಮೂರನೇ ಸಲಕ್ಕೆ ಬೇರೆ ರಿಮೈಂಡರ್ ಇಟ್ಟೆ. ಅದರ ಮಾತನ್ನು ಅತ್ತಿಗೆಯೇ ಹೇಳಿ ಬರೆಸಿದರು: ‘ದಾರ ಬಿಚ್ಚು, ಮೊದಲ ಐದು ಪೇಪರ್. ಆಗಲ್ಲ ಅಂದ್ರೆ ನಾಳೆ ಮಕ್ಕಳಿಗೆ ನೀನೇ ಹೇಳು.’

ಹದಿನೈದು ದಿನ ಬಿಟ್ಟು ಫೋನ್ ಮಾಡಿದಾಗ ಕೇಳಿದೆ. ಎರಡು ಸಂಜೆ ಮಕ್ಕಳಿಗೆ ಹೇಳಬೇಕಾಗಿ ಬಂತಂತೆ. ಮೂರನೇ ಸಂಜೆ ದಾರ ಬಿಚ್ಚಿದರಂತೆ. ಐದು ಅಂತ ಕೂತವರು ಹದಿನೆಂಟು ಮುಗಿಸಿ ಎದ್ದಿದ್ದಾರೆ. “ಆಮೇಲೆ ನಿಮ್ಮಣ್ಣ ಸಾರು ಬಿಸಿ ಮಾಡಿ ಬಡಿಸಿದ್ರು, ಅದನ್ನೂ ಬರ್ಕೋ” ಅಂದರು.