ಆರು ಅಂಕಿಗಳ ಜೊತೆಗಿರುವ ಸಾಲನ್ನೂ ಓದಿ

ಪ್ರಿಯ ಗ್ರಾಹಕರೇ,

ಈಚೆಗೆ ಒಂದು ಸೋಮವಾರ, ಶಾಖೆಯ ಬಾಗಿಲು ತೆರೆಯುವ ಮೊದಲೇ ನಿವೃತ್ತ ಮೇಷ್ಟ್ರೊಬ್ಬರು ಪಾಸ್‌ಬುಕ್ ಹಿಡಿದು ನಿಂತಿದ್ದರು. ಶನಿವಾರ ಸಂಜೆ ಅವರ ಉಳಿತಾಯ ಖಾತೆಯಿಂದ 49,000 ರೂಪಾಯಿ ಹೋಗಿತ್ತು. "ಮೇಡಂ, ಪಾಸ್‌ವರ್ಡನ್ನಾಗಲಿ ಓಟಿಪಿಯನ್ನಾಗಲಿ ನಾನು ಯಾರಿಗೂ ಹೇಳಿಲ್ಲ" ಎಂದರು. ಅದು ನಿಜವೇ. ಅವರು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ; ಮೊಬೈಲಿನಲ್ಲಿ ತೆರೆದುಕೊಂಡ ಒಂದು ಪುಟದಲ್ಲಿ ಬರೆದಿದ್ದರು. ಅವರ ಒಪ್ಪಿಗೆ ಪಡೆದೇ ನಡೆದದ್ದನ್ನು ನಿಮಗೆ ತಿಳಿಸುತ್ತಿದ್ದೇನೆ.

ಬಂದ ಸಂದೇಶದಲ್ಲಿ ಇದ್ದದ್ದು ಇಷ್ಟು: ನಿಮ್ಮ ಪ್ಯಾನ್ ಜೋಡಣೆಯಾಗಿಲ್ಲ, ಇಂದು ರಾತ್ರಿ ಖಾತೆ ಸ್ಥಗಿತವಾಗುತ್ತದೆ, ಕೂಡಲೇ ಕೆಳಗಿನ ಕೊಂಡಿಯನ್ನು ಒತ್ತಿ. ಅಂದು ನಾಲ್ಕನೆಯ ಶನಿವಾರ, ಬ್ಯಾಂಕಿಗೆ ರಜೆ. ಯಾರನ್ನಾದರೂ ಕೇಳೋಣವೆಂದರೆ ಶಾಖೆಯಲ್ಲಿ ಯಾರೂ ಇರುವುದಿಲ್ಲ. ಆ ಹೊತ್ತನ್ನು ಆರಿಸಿಕೊಂಡದ್ದೇ ಅದಕ್ಕಾಗಿ. ಕೆವೈಸಿ ನವೀಕರಿಸಿ ಎಂದು ನಾವೂ ತಿಳಿಸುತ್ತೇವೆ, ಸುಳ್ಳು ಹೇಳುವುದಿಲ್ಲ. ಆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಗಡುವಿಗೆ ಮೊದಲೇ ಕನಿಷ್ಠ ಮೂರು ಬಾರಿ ತಿಳಿಸಬೇಕು, ಅದರಲ್ಲಿ ಒಂದಾದರೂ ಪತ್ರವಾಗಿರಬೇಕು. "ಇಂದು ರಾತ್ರಿಯೊಳಗೆ" ಎಂಬ ಅವಸರ ನಮ್ಮದಲ್ಲ.

ಕೊಂಡಿ ಹೆಚ್ಚುಕಡಿಮೆ ಹೀಗಿತ್ತು. ನಮ್ಮ ಬ್ಯಾಂಕಿನ ಹೆಸರಿದ್ದ ಜಾಗದಲ್ಲಿ ಬೇರೆ ಹೆಸರು ಹಾಕಿದ್ದೇನೆ:

```
https://nammabank.bank.in.kyc-pan-update.top/login
```

ನಮ್ಮ ಕಣ್ಣು ಎಡದಿಂದ ಓದಿ, ಬ್ಯಾಂಕಿನ ಹೆಸರು ಕಂಡೊಡನೆ ನಿಂತುಬಿಡುತ್ತದೆ. ವಿಳಾಸದ ಒಡೆಯನಾರೆಂದು ತಿಳಿಯುವುದು ಬಲಗಡೆಯಿಂದ. `https://` ಬಿಟ್ಟು ಮುಂದೆ ಬರುವ ಮೊದಲ `/` ಓರೆಗೆರೆಯನ್ನು ಹುಡುಕಿ, ಅದರ ಹಿಂದೆಯೇ ಏನಿದೆ ನೋಡಿ. ಇಲ್ಲಿರುವುದು `kyc-pan-update.top`. ಆ ಹೆಸರನ್ನು ಕೊಂಡವನು ಅದರ ಎಡಕ್ಕೆ ಏನು ಬೇಕಾದರೂ ಬರೆದುಕೊಳ್ಳಬಹುದು. ಭಾರತದ ಬ್ಯಾಂಕುಗಳಿಗಾಗಿಯೇ ರಿಸರ್ವ್ ಬ್ಯಾಂಕ್ 2025ರಲ್ಲಿ `.bank.in` ಎಂಬ ಕೊನೆಯನ್ನು ಮೀಸಲಿಟ್ಟಿದೆ. ಅದು ಓರೆಗೆರೆಯ ಹಿಂದೆಯೇ ಇರಬೇಕು. ನಡುವೆ ಎಲ್ಲೋ ಇದ್ದರೆ ಅದಕ್ಕೆ ಬೆಲೆಯಿಲ್ಲ.

ಪುಟದಲ್ಲಿ ನಮ್ಮದೇ ಲಾಂಛನ, ನಮ್ಮದೇ ಬಣ್ಣ. ಮೇಷ್ಟ್ರು ಬಳಕೆದಾರ ಹೆಸರನ್ನೂ ಪಾಸ್‌ವರ್ಡನ್ನೂ ಬರೆದರು. ಅದೇ ಕ್ಷಣದಲ್ಲಿ ಅತ್ತ ಕುಳಿತವನು ಅವೆರಡನ್ನೂ ನಮ್ಮ ನಿಜವಾದ ಜಾಲತಾಣದಲ್ಲಿ ಹಾಕಿ ಒಳಹೊಕ್ಕಿದ್ದ. ಹಾಗಾಗಿ ಮೇಷ್ಟ್ರಿಗೆ ಬಂದ ಓಟಿಪಿ ಅಸಲಿಯೇ, ಕಳಿಸಿದ್ದೂ ನಾವೇ. ಅವರಿಗೆ ನಂಬಿಕೆ ಕುದುರಿದ್ದು ಅಲ್ಲೇ. ಪುಟದಲ್ಲಿ "ಪ್ಯಾನ್ ದೃಢೀಕರಣಕ್ಕೆ ಓಟಿಪಿ ನೀಡಿ" ಎಂದಿತ್ತು. ಆದರೆ ನಮ್ಮ ಸಂದೇಶದಲ್ಲಿ, ಆರು ಅಂಕಿಗಳ ಪಕ್ಕದಲ್ಲಿ, ಹಣ ಪಡೆಯುವವರ ಪಟ್ಟಿಗೆ ಹೊಸ ಹೆಸರು ಸೇರಿಸಲು ಎಂದು ಸ್ಪಷ್ಟವಾಗಿ ಬರೆದಿತ್ತು. ಅವರು ಅಂಕಿಗಳನ್ನು ಮಾತ್ರ ನೋಡಿದರು. ಪುಟ "ತಪ್ಪಾಗಿದೆ, ಮತ್ತೊಮ್ಮೆ ಪ್ರಯತ್ನಿಸಿ" ಎಂದಿತು, ಎರಡನೆಯ ಓಟಿಪಿ ಬಂದಿತು. ಅದರಲ್ಲಿ 49,000 ಎಂಬ ಮೊತ್ತವೇ ಇತ್ತು. ಹೊಸ ಹೆಸರಿಗೆ ಮೊದಲ ದಿನ ಕಳಿಸಬಹುದಾದ ಮಿತಿಯೊಳಗೆ ಬರುವಂತೆ ಲೆಕ್ಕ ಹಾಕಿದ ಮೊತ್ತ ಅದು.

ಓಟಿಪಿ ಸಂದೇಶವನ್ನು ಪೂರ್ತಿ ಓದಿ ಎಂದು ನಾನು ಕೌಂಟರಿನಲ್ಲಿ ಪದೇ ಪದೇ ಹೇಳುವುದು ಇದಕ್ಕೇ. ನೀವು ಮಾಡಲು ಹೊರಟ ಕೆಲಸವೂ ಸಂದೇಶದಲ್ಲಿರುವ ಕೆಲಸವೂ ಒಂದೇ ಆಗಿರದಿದ್ದರೆ ಅಲ್ಲಿಗೇ ನಿಲ್ಲಿಸಿ.

ಪಾಸ್‌ವರ್ಡ್, ಓಟಿಪಿ, ಎಟಿಎಂ ಅಥವಾ ಯುಪಿಐ ಪಿನ್, ಕಾರ್ಡಿನ ಹಿಂಬದಿಯ ಮೂರು ಅಂಕಿ: ಇವನ್ನು ನಾವು ಕರೆ ಮಾಡಿಯಾಗಲಿ ಸಂದೇಶ ಕಳಿಸಿಯಾಗಲಿ ಕೇಳುವುದಿಲ್ಲ. ಶಾಖೆಯಲ್ಲಿ ನನ್ನೆದುರು ಕುಳಿತಾಗಲೂ ಅವನ್ನು ನನಗೆ ಹೇಳಬೇಡಿ, ನನ್ನ ಯಾವ ಕೆಲಸಕ್ಕೂ ಅವು ಬೇಕಿಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ವಾಟ್ಸಾಪ್‌ನಲ್ಲಿ ನಾವು ಆ್ಯಪ್ ಕಳಿಸುವುದಿಲ್ಲ. ಹೆಸರಿನ ಕೊನೆಯಲ್ಲಿ `.apk` ಎಂದಿರುವ ಕಡತವನ್ನು ತೆರೆದು, ಎಸ್ಸೆಮ್ಮೆಸ್ ಓದಲು ಅನುಮತಿ ಕೊಟ್ಟರೆ, ನಿಮ್ಮ ಓಟಿಪಿಗಳು ನಿಮ್ಮನ್ನು ಕೇಳದೆಯೇ ಕಳ್ಳನ ಕೈ ಸೇರುತ್ತವೆ.

ಹಣ ಹೋದದ್ದು ಗೊತ್ತಾದೊಡನೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಭಾನುವಾರವಾದರೂ ಕಾಯಬೇಡಿ. ದೂರು ಬೇಗ ತಲುಪಿದರೆ, ಹಣ ಸೇರಿದ ಖಾತೆಯಲ್ಲೇ ಅದನ್ನು ತಡೆಹಿಡಿಯಲು ಸಾಧ್ಯವಾಗಬಹುದು. ನಂತರ ಕಾರ್ಡಿನ ಹಿಂಬದಿಯಲ್ಲಿರುವ ನಮ್ಮ ಸಂಖ್ಯೆಗೆ ಕರೆ ಮಾಡಿ; ಅಂತರ್ಜಾಲದಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ಸಹಾಯವಾಣಿಗಳೂ ಸಿಗುತ್ತವೆ. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕರೇ ಗುಪ್ತ ವಿವರ ಕೊಟ್ಟು ಹಣ ಹೋಗಿದ್ದರೆ, ನಮಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಮೇಷ್ಟ್ರು ನಾಚಿಕೆಯಿಂದ ಮನೆಯಲ್ಲೂ ಹೇಳದೆ ಸೋಮವಾರದವರೆಗೆ ಕಾದರು. ಅಷ್ಟರಲ್ಲಿ ಹಣ ಸೇರಿದ್ದ ಆ ಖಾತೆ ಬರಿದಾಗಿತ್ತು.

ಯಾವುದೇ ಸಂದೇಶದ ಮೇಲೆ ಅನುಮಾನವಿದ್ದರೆ ಏನನ್ನೂ ಒತ್ತದೆ ಮೊಬೈಲನ್ನು ಶಾಖೆಗೆ ತನ್ನಿ. ಟೋಕನ್ ಬೇಕಿಲ್ಲ, ನೇರವಾಗಿ ನನ್ನ ಕೊಠಡಿಗೆ ಬನ್ನಿ.

ಇಂತಿ ನಿಮ್ಮ,
ಶಾಖಾ ವ್ಯವಸ್ಥಾಪಕಿ